ನಿಮಗಿದು ಗೊತ್ತೇ? ಬ್ಯಾಂಕಿಗೆ ಬರೆದುಕೊಟ್ಟ ಪಾಲಿಸಿಯ ಸಂಗತಿಗಳು

ಸಾಲಕ್ಕೆ ಆಧಾರವಾಗಿ ಜೀವವಿಮೆ ಪಾಲಿಸಿಯನ್ನು ಬ್ಯಾಂಕಿಗೆ ಬರೆದುಕೊಡಲು ಒಂದಲ್ಲ, ಎರಡು ಕಾಗದ ಬೇಕು. ಮೊದಲನೆಯದು ಪಾಲಿಸಿಯ ಹಕ್ಕನ್ನು ಬ್ಯಾಂಕಿಗೆ ದಾಟಿಸುವ ಬರಹ. ಕೌಂಟರಿನ ಆಚೆ ಈಚೆ ಎಲ್ಲರೂ ಅದನ್ನು ಅಸೈನ್‌ಮೆಂಟ್ ಎಂದೇ ಕರೆಯುತ್ತಾರೆ. ಎರಡನೆಯದು ‘ಹೀಗೆ ಬರೆದುಕೊಟ್ಟಿದ್ದೇನೆ, ನಿಮ್ಮ ದಾಖಲೆಯಲ್ಲಿ ನಮೂದಿಸಿಕೊಳ್ಳಿ’ ಎಂದು ವಿಮೆ ಕಂಪನಿಗೆ ಕೊಡುವ ಪತ್ರ. ಮೊದಲನೆಯದಕ್ಕೆ ಬ್ಯಾಂಕಿನವರೇ ಎದುರು ಕೂರಿಸಿಕೊಂಡು ಸಹಿ ಹಾಕಿಸುತ್ತಾರೆ. ಎರಡನೆಯದು ಎಲ್ಲಿಗೆ ಹೋಯಿತು, ಯಾವಾಗ ತಲುಪಿತು ಎಂದು ವಿಚಾರಿಸುವ ಸಾಲಗಾರರು ಕಡಿಮೆ. ಆದರೆ ವಿಮೆ ಕಂಪನಿ ಕಟ್ಟುಬೀಳುವುದು ಈ ಎರಡನೇ ಕಾಗದಕ್ಕೆ.

1938ರ ವಿಮಾ ಕಾಯ್ದೆಯ 38ನೇ ಕಲಂ (ನೆನಪಿಡಲು ಇದಕ್ಕಿಂತ ಸುಲಭದ ಕಲಂ ಸಿಗಲಿಕ್ಕಿಲ್ಲ) ಇದನ್ನು ನೇರವಾಗಿ ಹೇಳುತ್ತದೆ. ಸಹಿ ಮಾಡಿ, ಕನಿಷ್ಠ ಒಬ್ಬ ಸಾಕ್ಷಿಯ ರುಜು ಬಿದ್ದ ಕೂಡಲೇ ನಿಮ್ಮ ಮತ್ತು ಬ್ಯಾಂಕಿನ ನಡುವೆ ವರ್ಗಾವಣೆ ಪೂರ್ಣವಾಗುತ್ತದೆ. ವಿಮೆ ಕಂಪನಿಯ ಮಟ್ಟಿಗೆ ಮಾತ್ರ ಅದು ಇನ್ನೂ ಜಾರಿಗೆ ಬಂದಿರುವುದಿಲ್ಲ. ಲಿಖಿತ ತಿಳಿವಳಿಕೆ, ಜೊತೆಗೆ ಮೂಲ ಬರಹ ಅಥವಾ ಬರೆದುಕೊಟ್ಟವರೂ ಬರೆಸಿಕೊಂಡವರೂ ಇಬ್ಬರೂ ದೃಢೀಕರಿಸಿದ ಅದರ ನಕಲು ಕೈಸೇರಿದ ಮೇಲಷ್ಟೇ ಕಂಪನಿ ಬ್ಯಾಂಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆ ಪತ್ರವನ್ನು ಯಾವುದೋ ಶಾಖೆಗೆ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ ಎಂಬುದು ಗೊತ್ತೇ? ಪಾಲಿಸಿಯ ವ್ಯವಹಾರ ನಡೆಯುತ್ತಿರುವ ಶಾಖೆಗೇ ಅದು ಮುಟ್ಟಬೇಕೆಂದು ಅದೇ ಕಲಂ ಹೇಳುತ್ತದೆ. ಹಾಸನದಲ್ಲಿ ಅಂಗಡಿ ಇಟ್ಟಿರುವವರೊಬ್ಬರು ಹಿಂದೆ ತುಮಕೂರಿನಲ್ಲಿದ್ದಾಗ ಪಾಲಿಸಿ ಮಾಡಿಸಿದ್ದರು ಎಂದಿಟ್ಟುಕೊಳ್ಳಿ. ಕಂತನ್ನು ಈಗ ಮೊಬೈಲಿನಲ್ಲೇ ಕಟ್ಟುತ್ತಾರೆ, ಪಾಲಿಸಿಯನ್ನು ಹಾಸನಕ್ಕೆ ವರ್ಗಾಯಿಸಿಕೊಂಡಿಲ್ಲ. ಸಾಲ ಹಾಸನದ ಬ್ಯಾಂಕಿನದು, ಪತ್ರ ಹೋಗಬೇಕಾದದ್ದು ತುಮಕೂರಿಗೆ. ಹಾಸನದ ವಿಮೆ ಕಚೇರಿಯ ಟಪಾಲು ತಟ್ಟೆಯಲ್ಲಿ ಅದು ಎಷ್ಟು ದಿನ ಕೂತಿದ್ದರೂ ಕಾನೂನಿನ ಲೆಕ್ಕದಲ್ಲಿ ತಲುಪಿದಂತಲ್ಲ.

ಪತ್ರದಲ್ಲಿ ಏನಿರಬೇಕು? ದೊಡ್ಡ ವಿದ್ಯೆಯೇನೂ ಬೇಡ:

‘ಹಿರಿಯ ಶಾಖಾಧಿಕಾರಿಗಳಿಗೆ, ತುಮಕೂರು ಶಾಖೆ. ಮಾನ್ಯರೇ, ನನ್ನ ಜೀವದ ಮೇಲಿನ ಪಾಲಿಸಿ ಸಂಖ್ಯೆ ……, ವಿಮೆ ಮೊತ್ತ 5,00,000 ರೂಪಾಯಿ. ಈ ಪಾಲಿಸಿಯನ್ನು …… ಬ್ಯಾಂಕಿನ ಹಾಸನ ಶಾಖೆಯಿಂದ ಪಡೆದ 1,40,000 ರೂಪಾಯಿ ಸಾಲದ ಭದ್ರತೆಗಾಗಿ ಸದರಿ ಬ್ಯಾಂಕಿಗೆ ದಿನಾಂಕ …… ರಂದು ಅಸೈನ್ ಮಾಡಿಕೊಟ್ಟಿರುತ್ತೇನೆ. ಪಾಲಿಸಿಯ ಮೇಲೆ ಬೇರೆ ಯಾವ ಸಾಲವಾಗಲಿ ಅಸೈನ್‌ಮೆಂಟ್ ಆಗಲಿ ಇರುವುದಿಲ್ಲ. ಮೇಲ್ಬರಹವಿರುವ ಮೂಲ ಪಾಲಿಸಿಯನ್ನು ಲಗತ್ತಿಸಿದೆ. ಇದನ್ನು ತಮ್ಮ ದಾಖಲೆಗಳಲ್ಲಿ ನಮೂದಿಸಿ, ಪತ್ರ ತಲುಪಿದ್ದಕ್ಕೆ ಲಿಖಿತ ಸ್ವೀಕೃತಿ ನೀಡಿ, ಪಾಲಿಸಿಯನ್ನು ಬ್ಯಾಂಕಿಗೆ ಹಿಂತಿರುಗಿಸಬೇಕೆಂದು ಕೋರುತ್ತೇನೆ.’

ಕೆಳಗೆ ಪಾಲಿಸಿದಾರರ ಸಹಿ, ಬ್ಯಾಂಕ್ ಮ್ಯಾನೇಜರರ ಸಹಿ ಮತ್ತು ಮೊಹರು.

ಈ ಪತ್ರದಲ್ಲಿ ಎರಡು ಮಾತು ಬಿಟ್ಟುಹೋಗಬಾರದು. ಒಂದು ‘ಸಾಲದ ಭದ್ರತೆಗಾಗಿ’. ವರ್ಗಾವಣೆಯ ಕಾರಣ ಮತ್ತು ಷರತ್ತುಗಳನ್ನು ಬರಹದಲ್ಲೇ ಹೇಳಬೇಕೆಂಬುದು ಕಾನೂನು, ಅದು ನಾಮಿನಿಗೆ ಹೇಗೆ ಉಪಕಾರವೆಂದು ಮುಂದೆ ನೋಡೋಣ. ಇನ್ನೊಂದು ‘ಲಿಖಿತ ಸ್ವೀಕೃತಿ’. ಕೇಳಿದರೆ ನಿಗದಿತ ಶುಲ್ಕ ಪಡೆದು ಕಂಪನಿ ಅದನ್ನು ಕೊಡಲೇಬೇಕು. ಒಮ್ಮೆ ಕೊಟ್ಟರೆ ‘ಪತ್ರ ಬಂದೇ ಇಲ್ಲ’ ಎಂದು ಮುಂದೆ ಅದು ವಾದಿಸುವಂತಿಲ್ಲ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ, ಅದು ಬೇರೆ ಮಾತು.

ಬಾಂಡಿನ ಬೆನ್ನ ಮೇಲೆಯೇ ಅಸೈನ್‌ಮೆಂಟ್ ಬರೆದರೆ ಸ್ಟಾಂಪ್ ಖರ್ಚು ಉಳಿಯುತ್ತದೆ. ವಿಮೆ ಪಾಲಿಸಿಯನ್ನು ಮೇಲ್ಬರಹದಿಂದ ವರ್ಗಾಯಿಸುವುದಕ್ಕೆ 1899ರ ಭಾರತೀಯ ಸ್ಟಾಂಪ್ ಕಾಯ್ದೆ ವಿನಾಯಿತಿ ಕೊಟ್ಟಿದೆ. ಬೇರೆ ಹಾಳೆಯಲ್ಲಿ ಪತ್ರ ಮಾಡಿಸಿದರೆ ಸ್ಟಾಂಪ್ ಬೇಕಾಗುತ್ತದೆ.

ಇನ್ನು ದಿನಾಂಕದ ಆಟ. ನಮ್ಮ ಅಂಗಡಿಯವರು ಜೂನ್ 3ರಂದು ಬ್ಯಾಂಕಿಗೆ ಬರೆದುಕೊಟ್ಟರು. ಹಣದ ಮುಗ್ಗಟ್ಟಾಗಿ ಜೂನ್ 10ರಂದು ಅದೇ ಪಾಲಿಸಿಯನ್ನು ಬೇರೆ ಹಾಳೆಯ ಮೇಲೆ ಒಬ್ಬ ಲೇವಾದೇವಿಗಾರರಿಗೂ ಬರೆದುಕೊಟ್ಟರು ಎನ್ನಿ. ಲೇವಾದೇವಿಯವರು ಚುರುಕು, 12ಕ್ಕೇ ತುಮಕೂರಿಗೆ ಪತ್ರ ಮುಟ್ಟಿಸಿದರು. ಬ್ಯಾಂಕಿನ ಪತ್ರ ಮೇಜಿನ ಖಾನೆಯಲ್ಲಿ ಉಳಿದು 20ಕ್ಕೆ ತಲುಪಿತು. ಮೊದಲ ಸರದಿ ಯಾರದು? 38ನೇ ಕಲಮಿನ ಪ್ರಕಾರ ಲೇವಾದೇವಿಯವರದು. ಸಾಲ ಕೊಟ್ಟ ದಿನ, ಸಹಿ ಬಿದ್ದ ದಿನ ಇಲ್ಲಿ ಲೆಕ್ಕಕ್ಕಿಲ್ಲ, ತಿಳಿವಳಿಕೆ ಪತ್ರ ತಲುಪಿದ ದಿನಾಂಕವೇ ಸರದಿಯನ್ನು ತೀರ್ಮಾನಿಸುತ್ತದೆ.

ಈ ನಿಯಮದ ಹಿಂದೆ ಇಂಗ್ಲೆಂಡಿನ ಒಂದು ಹಳೆಯ ಜಗಳವಿದೆ. ತಂದೆಯ ಉಯಿಲಿನಿಂದ ವರ್ಷಕ್ಕೆ ಸುಮಾರು 93 ಪೌಂಡ್ ಬರುತ್ತಿದ್ದ ಬ್ರೌನ್ ಎಂಬಾತ ಆ ಆದಾಯದ ಹಕ್ಕನ್ನು ಒಬ್ಬರ ಬೆನ್ನಿಗೆ ಒಬ್ಬರಂತೆ ಹಲವರಿಗೆ ಬರೆದುಕೊಟ್ಟ. ಮೊದಲು ಕೊಂಡ ಡಿಯರ್ಲ್ ಸುಮ್ಮನಿದ್ದ. ಕೊನೆಗೆ ಕೊಂಡ ಹಾಲ್ ಮಾತ್ರ ಹಣ ಕೊಡುವ ಟ್ರಸ್ಟಿಗಳ ಬಳಿ ವಿಚಾರಿಸಿ, ಅವರಿಗೆ ತಿಳಿವಳಿಕೆ ಕೊಟ್ಟ. ಗೆದ್ದದ್ದು ಹಾಲ್. 1828ರಲ್ಲಿ ಮೇಲ್ಮನವಿಯಲ್ಲೂ ಆ ತೀರ್ಪೇ ನಿಂತಿತು. 1867ರಲ್ಲಿ ಜೀವವಿಮೆಗೆಂದೇ ಅಲ್ಲಿ ಕಾಯ್ದೆ ಬಂದಾಗಲೂ ಪತ್ರ ತಲುಪಿದ ದಿನವೇ ಸರದಿಯ ಅಳತೆಯಾಯಿತು. ಸ್ವೀಕೃತಿ ಪತ್ರಕ್ಕೆ ಐದು ಶಿಲ್ಲಿಂಗಿಗಿಂತ ಹೆಚ್ಚು ಕೇಳುವಂತಿಲ್ಲ ಎಂದೂ ಆ ಕಾಯ್ದೆ ಬರೆದಿಟ್ಟಿತು!

ಪಾಲಿಸಿಯ ಮೇಲೆ ವಿಮೆ ಕಂಪನಿಯಿಂದಲೇ ಸಾಲ ಪಡೆದರೆ ಈ ತಿಳಿವಳಿಕೆ ಪತ್ರ ಬೇಕಿಲ್ಲ. ತನಗೇ ಬರೆದುಕೊಟ್ಟದ್ದನ್ನು ತನಗೇ ಯಾರು ತಿಳಿಸಬೇಕು? ಆದರೆ ಅಂಥ ಹಳೆಯ ಸಾಲವೊಂದು ತೀರದೆ ಉಳಿದಿದ್ದರೆ, ಆಮೇಲೆ ಬಂದ ಬ್ಯಾಂಕು ಅದರ ಹಿಂದೆ ನಿಲ್ಲಬೇಕಾಗುತ್ತದೆ. ಬರೆದುಕೊಟ್ಟವರಿಗೆ ಇದ್ದ ಹೊಣೆಗಳೆಲ್ಲ ಬರೆಸಿಕೊಂಡವರಿಗೂ ಅಂಟುತ್ತವೆ. ಅದಕ್ಕೇ ಬ್ಯಾಂಕಿನವರು ಸಾಲ ಮಂಜೂರು ಮಾಡುವ ಮುಂಚೆ ಕಂಪನಿಯಿಂದ ಸರೆಂಡರ್ ಮೌಲ್ಯವನ್ನೂ ಹಳೆಯ ಬಾಕಿಯನ್ನೂ ಬರೆಸಿ ತರಿಸಿಕೊಳ್ಳುತ್ತಾರೆ. ನಮ್ಮ ಅಂಗಡಿಯವರ ಪಾಲಿಸಿ 5 ಲಕ್ಷದ್ದಾದರೂ ಸಾಲ 1,40,000 ಮಾತ್ರ ಏಕೆಂದರೆ ಇವತ್ತು ಪಾಲಿಸಿ ಮುರಿದರೆ ಸಿಗುವುದು 1,60,000. ಬ್ಯಾಂಕು ನೋಡುವುದು ಆ ಅಂಕಿಯನ್ನು.

ಬಾಂಡಿನ ಮೇಲೆ ‘ಸಂಪೂರ್ಣ ಅಸೈನ್‌ಮೆಂಟ್’ ಎಂದು ಕಂಡರೆ ಮನೆಯವರು ಗಾಬರಿಯಾಗುತ್ತಾರೆ. ಷರತ್ತಿನದು ಎಂದು ಬರಹದಲ್ಲಿ ಸ್ಪಷ್ಟವಾಗಿ ಹೇಳದಿದ್ದರೆ ಪ್ರತಿ ಅಸೈನ್‌ಮೆಂಟೂ ಸಂಪೂರ್ಣವೆಂದೇ ಲೆಕ್ಕ. ಷರತ್ತಿನ ಬಗೆ ಬ್ಯಾಂಕಿಗೆ ಒಗ್ಗುವುದೂ ಇಲ್ಲ. ಬರೆಸಿಕೊಂಡವರು ಪಾಲಿಸಿದಾರರಿಗಿಂತ ಮೊದಲು ತೀರಿಕೊಂಡರೆ, ಅಥವಾ ಅವಧಿ ಮುಗಿಯುವ ತನಕ ಪಾಲಿಸಿದಾರರು ಬದುಕಿದ್ದರೆ ಹಣ ಮರಳಿ ಈ ಕಡೆಗೆ ಎಂಬುದೇ ಕಾಯ್ದೆ ಹೇಳುವ ಷರತ್ತು. ಮೊದಲನೆಯದು ಬ್ಯಾಂಕಿಗೆ ಅನ್ವಯಿಸುವುದೇ ಇಲ್ಲ, ಬ್ಯಾಂಕಿಗೆಲ್ಲಿಯ ತಿಥಿ! ಎರಡನೆಯದರಲ್ಲಿ ಭದ್ರತೆಯೇ ಕೈಬಿಟ್ಟುಹೋಗುತ್ತದೆ. ಮೇಲಾಗಿ ಷರತ್ತಿನ ಮೇಲೆ ಬರೆಸಿಕೊಂಡವರು ಪಾಲಿಸಿಯನ್ನು ಸರೆಂಡರ್ ಮಾಡುವಂತಿಲ್ಲ, ಅದರ ಮೇಲೆ ಸಾಲ ತೆಗೆಯುವಂತಿಲ್ಲ. ಸಂಪೂರ್ಣವಾಗಿ ಬರೆಸಿಕೊಂಡ ಬ್ಯಾಂಕಾದರೆ ಕಂತು ತಪ್ಪಿದ ಸಾಲಗಾರರ ಪಾಲಿಸಿಯನ್ನು ಅವರ ಒಪ್ಪಿಗೆ ಕೇಳದೆಯೇ ಮುರಿಸಬಹುದು.

5 ಲಕ್ಷದಲ್ಲಿ 2 ಲಕ್ಷಕ್ಕಷ್ಟೇ ಬರೆದುಕೊಡಬಹುದೇ? ಬಹುದು. ಆದರೆ ಉಳಿದ 3 ಲಕ್ಷವನ್ನು ಇನ್ನೊಬ್ಬರಿಗೆ ಬರೆದುಕೊಡುವ ಬಾಗಿಲು ಅಲ್ಲಿಗೆ ಮುಚ್ಚಿತು.

ಬರೆದುಕೊಡಲು ಆಗದ ಪಾಲಿಸಿಗಳೂ ಇವೆ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಗಂಡ ತನ್ನ ಜೀವದ ಮೇಲೆ ಹೆಂಡತಿ ಮಕ್ಕಳ ಹೆಸರಿಗೆ ಮಾಡಿಸಿದ ಪಾಲಿಸಿ ಅವರ ಪಾಲಿನ ಟ್ರಸ್ಟ್. ಕಂತು ಕಟ್ಟುವವನು ತಾನೇ ಆದರೂ ತನ್ನ ಸಾಲಕ್ಕೆ ಅದನ್ನು ಒಡ್ಡುವ ಅಧಿಕಾರ ಅವನಿಗಿಲ್ಲ.

ನಾಮಿನಿಯ ಕತೆ ಏನು? ಅಸೈನ್‌ಮೆಂಟ್ ಆದರೆ ನಾಮಿನೇಶನ್ ರದ್ದಾಗುತ್ತದೆ ಎಂದು ಹಳಬರು ಈಗಲೂ ಹೇಳುವುದುಂಟು. ಹಿಂದೆ ಬ್ಯಾಂಕ್ ಸಾಲದ ವಿಷಯದಲ್ಲಿ ಅದು ನಿಜವಾಗಿತ್ತು. 2015ರ ತಿದ್ದುಪಡಿ ಇದನ್ನು ಬದಲಿಸಿತು. ಸಾಲ ಕೊಟ್ಟವರಿಗೆ ಆ ಸಾಲಕ್ಕಾಗಿಯೇ ಬರೆದುಕೊಟ್ಟಿದ್ದರೆ ಈಗ ನಾಮಿನೇಶನ್ ಉಳಿಯುತ್ತದೆ, ಸಾಲ ಕೊಟ್ಟವರ ಹಿತದಷ್ಟು ಮಾತ್ರ ನಾಮಿನಿಯ ಪಾಲು ತಗ್ಗುತ್ತದೆ. ಅಂಗಡಿಯವರು ಸಾಲ ತೀರುವ ಮೊದಲೇ ತೀರಿಕೊಂಡರು ಎಂದುಕೊಳ್ಳೋಣ. ಬೋನಸ್ ಸೇರಿ ಬರಬೇಕಾದದ್ದು 6,80,000. ಬಡ್ಡಿ ಸೇರಿ ಬಾಕಿ 1,12,000. ಅಷ್ಟು ಬ್ಯಾಂಕಿಗೆ, ಉಳಿದ 5,68,000 ನಾಮಿನಿಯಾದ ಹೆಂಡತಿಗೆ. ‘ಸಾಲದ ಭದ್ರತೆಗಾಗಿ’ ಎಂಬ ಎರಡು ಪದ ಅಗತ್ಯ ಎಂದದ್ದು ಇದಕ್ಕೇ. ಕಾರಣ ಕಾಣಿಸದೆ ಬರೆದುಕೊಟ್ಟರೆ ಇದು ಸಾಲಕ್ಕಾಗಿ ಆದದ್ದೆಂದು ಆಕೆ ಆಮೇಲೆ ರುಜುವಾತು ಹುಡುಕಬೇಕಾಗುತ್ತದೆ.

ಪತ್ರ ತಲುಪಿದ ದಿನಕ್ಕೆ ಇನ್ನೊಂದು ಕಡೆಯೂ ಬೆಲೆ ಇತ್ತು. ಎಲ್‌ಐಸಿಯ ಹಳೆಯ ಬಾಂಡುಗಳಲ್ಲಿ ಆತ್ಮಹತ್ಯೆಯ ಕಲಂ ಓದಿ ನೋಡಿ. ನಿಗದಿತ ಅವಧಿಯೊಳಗೆ ಹಾಗೆ ಸಾವು ಸಂಭವಿಸಿದರೆ ವಿಮೆ ಹಣ ಇಲ್ಲ ಎನ್ನುತ್ತಲೇ ಅದು ಒಂದು ಕಿಂಡಿ ಬಿಟ್ಟಿತ್ತು: ಪ್ರಾಮಾಣಿಕವಾಗಿ ಹಣ ಕೊಟ್ಟು ಪಾಲಿಸಿಯಲ್ಲಿ ಹಿತ ಪಡೆದ ಮೂರನೆಯವರು, ಸಾವಿಗೆ ಕನಿಷ್ಠ ಒಂದು ತಿಂಗಳು ಮೊದಲೇ ಸಂಬಂಧಪಟ್ಟ ಶಾಖೆಗೆ ಲಿಖಿತ ತಿಳಿವಳಿಕೆ ಕೊಟ್ಟಿದ್ದರೆ, ಅವರ ಹಿತದ ಮಟ್ಟಿಗೆ ಹಣ ಸಿಗುತ್ತಿತ್ತು.

ಪತ್ರ ಕೊಟ್ಟ ಮೇಲೆ ಕಂಪನಿ ‘ಆಗುವುದಿಲ್ಲ’ ಎನ್ನಬಹುದೇ? 2015ರಿಂದೀಚೆಗೆ ಎನ್ನಬಹುದು, ಕಾರಣ ಇದ್ದರೆ. ಪಾಲಿಸಿಗಳನ್ನು ಕೊಂಡು ಮಾರುವ ದಂಧೆ, ಅಪ್ರಾಮಾಣಿಕ ವರ್ಗಾವಣೆ ಇಂಥವು ಆ ಕಾರಣಗಳು. ನಿರಾಕರಣೆಯನ್ನು 30 ದಿನದೊಳಗೆ ಬರಹದಲ್ಲಿ ತಿಳಿಸಬೇಕು. ಬ್ಯಾಂಕಿನ ಸಾದಾ ಸಾಲಕ್ಕೆ ಈ ತೊಡಕು ಬರುವಂತಿಲ್ಲ.

ಸಾಲ ತೀರಿದ ಮೇಲೆ? ಬಾಂಡು ಕೈಗೆ ಬಂತೆಂದು ಬೀರುವಿನಲ್ಲಿಟ್ಟರೆ ಕೆಲಸ ಅರ್ಧಕ್ಕೇ ನಿಂತಂತೆ. ಬ್ಯಾಂಕು ಅದೇ ಬಾಂಡಿನ ಮೇಲೆ ನಿಮ್ಮ ಹೆಸರಿಗೆ ಮರಳಿ ಬರೆದುಕೊಡಬೇಕು, ಸಾಕ್ಷಿ ಬೇಕು, ಅದೇ ಶಾಖೆಗೆ ಇನ್ನೊಮ್ಮೆ ಪತ್ರ ಹೋಗಬೇಕು. ಇಲ್ಲದಿದ್ದರೆ ಕಂಪನಿಯ ದಾಖಲೆಯಲ್ಲಿ ಪಾಲಿಸಿಯ ಒಡೆಯ ಬ್ಯಾಂಕೇ. ಕರ್ನಾಟಕದಲ್ಲಿ ಇದು ಕೆಲವರಿಗೆ ವಿಶೇಷ ತಲೆನೋವು, ಏಕೆಂದರೆ ಬರೆಸಿಕೊಂಡ ಬ್ಯಾಂಕುಗಳ ಹೆಸರೇ ಈಗ ಬೋರ್ಡಿನ ಮೇಲಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ಸೇರಿಹೋದವು. ಬಾಂಡಿನ ಬೆನ್ನ ಮೇಲೆ ಸಿಂಡಿಕೇಟ್ ಬ್ಯಾಂಕಿನ ಮೊಹರಿದ್ದರೆ ಮರಳಿ ಬರೆದುಕೊಡಬೇಕಾದವರು ಇಂದಿನ ಕೆನರಾ ಬ್ಯಾಂಕಿನವರು, ಕಾರ್ಪೊರೇಶನ್‌ನದಾದರೆ ಯೂನಿಯನ್ ಬ್ಯಾಂಕಿನವರು. ಸಾಲ ತೀರಿದ ರಸೀತಿಯನ್ನು ಜೊತೆಗಿಟ್ಟುಕೊಂಡು ಹೋಗಿ. ಹಳೆಯ ಸಾಲದ ಖಾತೆ ಸಂಖ್ಯೆಯೂ ವಿಲೀನದ ನಂತರ ಬದಲಾಗಿರಬಹುದು.