ಆಲೂ ಪಲ್ಯ ಆರುವ ಹೊತ್ತು

ಬೆಂಗಳೂರಿನ ಸಣ್ಣ ಬೇಕರಿಯೊಂದು ತನ್ನ ಆಲೂ ಬನ್ನಿಗೆ ಆಹಾರ ಸುರಕ್ಷತಾ ಯೋಜನೆ ಬರೆಯುತ್ತಿದೆ ಎಂದುಕೊಳ್ಳೋಣ. ಯೋಜನೆಯ ತಿರುಳು ಅಪಾಯ ವಿಶ್ಲೇಷಣೆಯ ಪಟ್ಟಿ. ಅದರ ಎಡಗಡೆ ಕೆಲಸದ ಹಂತಗಳು ಸಾಲಾಗಿ ಬರುತ್ತವೆ: ಮೈದಾ ತರಿಸುವುದು, ಜರಡಿ ಹಿಡಿಯುವುದು, ನಾದುವುದು, ಪಲ್ಯ ಮಾಡುವುದು, ಆರಿಸುವುದು, ತುಂಬುವುದು, ಓವನ್ನಿನಲ್ಲಿ ಬೇಯಿಸುವುದು. ಪ್ರತಿ ಹಂತದಲ್ಲೂ ಯಾವ ರೋಗಾಣು, ಯಾವ ರಾಸಾಯನಿಕ, ಯಾವ ಕಲ್ಲು-ತಂತಿ ಸೇರಬಹುದು, ಅದನ್ನು ತಡೆಯುವುದು ಹೇಗೆ ಎಂದು ಪಕ್ಕದಲ್ಲಿ ಬರೆಯಬೇಕು.

ಬರೆದದ್ದೆಲ್ಲವೂ ಒಂದೇ ತೂಕದ್ದಲ್ಲ. 2016ರಲ್ಲಿ ಭಾರತದಲ್ಲಿ ನಿಷೇಧಗೊಂಡ ಪೊಟ್ಯಾಸಿಯಂ ಬ್ರೋಮೇಟ್ ಮೈದಾದಲ್ಲಿ ಬರದಂತೆ ನೋಡಿಕೊಳ್ಳಲು ಮಾರಾಟಗಾರರಿಂದ ಪ್ರಮಾಣಪತ್ರ ಪಡೆಯುವುದು ನಿತ್ಯದ ಎಚ್ಚರಿಕೆ. ಆದರೆ ಒಂದು ಹಂತದಲ್ಲಿ ತಪ್ಪಿದ್ದನ್ನು ಮುಂದಿನ ಯಾವ ಹಂತವೂ ಸರಿಪಡಿಸಲಾರದು ಎಂದಾದರೆ ಅದು ನಿರ್ಣಾಯಕ ನಿಯಂತ್ರಣ ಬಿಂದು. ಅಲ್ಲಿ ಅಳೆಯಬಹುದಾದ ಮಿತಿ ಬೇಕೇ ಬೇಕು.

ಬೇಕರಿಯವರ ಬೆರಳು ಮೊದಲು ಓವನ್ನಿನ ಕಡೆ ಹೋಗುತ್ತದೆ. ಚೆನ್ನಾಗಿ ಬೆಂದ ಬನ್ನಿನ ನಡುಭಾಗ 90 ಡಿಗ್ರಿ ದಾಟುತ್ತದೆ. ಸಾಲ್ಮೊನೆಲ್ಲಾ ಅದಕ್ಕಿಂತ ಬಹಳ ಮುಂಚೆಯೇ ಸಾಯುತ್ತದೆ. ಆದರೂ ಈ ಬನ್ನಿನಲ್ಲಿ ಹೆಚ್ಚು ಹೆದರಬೇಕಾದ ಹಂತ ಪಲ್ಯ ಆರಿಸುವುದು.

ಮಣ್ಣಿನಲ್ಲಿ ಬೆಳೆದ ಆಲೂಗೆಡ್ಡೆಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರಬಹುದು. ಕುದಿಸಿದರೂ ಅವು ಉಳಿಯುತ್ತವೆ. ದೊಡ್ಡ ಪಾತ್ರೆಯಲ್ಲಿ ಪಲ್ಯವನ್ನು ಮುಚ್ಚಿಟ್ಟರೆ ನಡುವಿನ ಬಿಸಿ ಗಂಟೆಗಟ್ಟಲೆ ಆರುವುದಿಲ್ಲ. ಬೀಜಾಣು ಮೊಳೆತು, ವಾಂತಿ ತರಿಸುವ ವಿಷ ಹುಟ್ಟುತ್ತದೆ. ರುಚಿ, ವಾಸನೆಯಲ್ಲಿ ಸುಳಿವು ಸಿಗದೇ ಇರಬಹುದು. ಆ ವಿಷ 121 ಡಿಗ್ರಿ ಶಾಖವನ್ನು ಒಂದೂವರೆ ಗಂಟೆ ತಡೆದುಕೊಳ್ಳುತ್ತದೆ ಎಂದಮೇಲೆ, ಬನ್ನಿನೊಳಗೆ ಸೇರಿ ಓವನ್ನಿಗೆ ಹೋದರೂ ಅದು ಅಳಿಯುವುದಿಲ್ಲ.

ಹಾಗಾಗಿ ಪಲ್ಯವನ್ನು ಮರುದಿನಕ್ಕೆ ಇಡುವುದಾದರೆ ಪಟ್ಟಿಯಲ್ಲಿ ಹೀಗೆ ಬರೆಯಬೇಕು: 60 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಮತ್ತೆ ನಾಲ್ಕು ಗಂಟೆಯೊಳಗೆ. ಮೊದಲ ಇಳಿತಕ್ಕೇ ಗಡುವು ಬಿಗಿ, ಏಕೆಂದರೆ ಬ್ಯಾಕ್ಟೀರಿಯಾ ಭರದಿಂದ ಬೆಳೆಯುವುದು ಆ ಬೆಚ್ಚನೆಯ ಅವಧಿಯಲ್ಲೇ.

ಏಪ್ರಿಲ್ ಮಧ್ಯಾಹ್ನದ ಬೇಕರಿಯೊಳಗೆ ಗಾಳಿಯೇ 30 ಡಿಗ್ರಿ ಮೀರಿರುತ್ತದೆ. ಮೇಜಿನ ಮೇಲಿಟ್ಟ ಪಲ್ಯ 21ಕ್ಕೆ ಇಳಿಯುವ ಮಾತೇ ಇಲ್ಲ. ಹತ್ತೂವರೆಗೆ 60 ಡಿಗ್ರಿ ಇದ್ದ ಪಾತ್ರೆಯ ನಡುವೆ ಹನ್ನೆರಡೂವರೆಗೆ ಥರ್ಮಾಮೀಟರ್ ಚುಚ್ಚಿದಾಗ 38 ತೋರಿಸಿತೆನ್ನಿ. ಮಿತಿ ಮುರಿಯಿತು. ಆ ಪಲ್ಯವನ್ನು ಎಸೆದು, ಎಷ್ಟು ಎಸೆಯಲಾಯಿತು, ಯಾರು ಅಳೆದರು ಎಂದು ಪುಸ್ತಕದಲ್ಲಿ ಬರೆಯಬೇಕು. ಮತ್ತೆ ಬಿಸಿ ಮಾಡಿ ಬಳಸಿದರೆ ವಿಷ ಹೋಗುವುದಿಲ್ಲ.

ಮರುದಿನದಿಂದ ಪಲ್ಯವನ್ನು ಎರಡು ಅಂಗುಲ ಮೀರದಂತೆ ಅಗಲ ತಟ್ಟೆಗಳಲ್ಲಿ ಹರಡಿ, ತಟ್ಟೆಗಳನ್ನು ಐಸ್ ನೀರಿನಲ್ಲಿಟ್ಟು ಆಗಾಗ ಕೈಯಾಡಿಸಬೇಕು. ಥರ್ಮಾಮೀಟರನ್ನೂ ಕರಗುತ್ತಿರುವ ಐಸಿನಲ್ಲಿಟ್ಟು ಸೊನ್ನೆ ತೋರಿಸುತ್ತದೆಯೇ ಎಂದು ನೋಡಿಕೊಳ್ಳಬೇಕು. ಅದೇ ತಪ್ಪು ಹೇಳುತ್ತಿದ್ದರೆ ಪುಸ್ತಕದ ಅಂಕಿಗಳಿಗೆ ಅರ್ಥವಿಲ್ಲ. ಇಷ್ಟಕ್ಕೆಲ್ಲ ಜಾಗ, ಐಸ್ ಇಲ್ಲದ ಅಂಗಡಿಗೆ ಇನ್ನೂ ಒಳ್ಳೆಯ ದಾರಿಯಿದೆ: ಅಂದಂದಿಗೆ ಬೇಕಾದಷ್ಟೇ ಪಲ್ಯ ಮಾಡಿ, ಎರಡು ಗಂಟೆಯೊಳಗೆ ಬನ್ನಿಗೆ ತುಂಬಿ ಓವನ್ನಿಗೆ ಹಾಕುವುದು. ಆಗ ಪಟ್ಟಿಯ ಆ ಸಾಲಿನಲ್ಲಿ ತಂಪಾಗಿಸುವ ಮಿತಿಯ ಬದಲು ಗಡಿಯಾರದ ಹೊತ್ತು ಮಾತ್ರ ಬರೆದರೆ ಸಾಕು.