ಫೋನ್ ಕಳೆದರೆ ಇಡೀ ವಿಪಿಎನ್ ಕೆಡವಬೇಕೆ?

ಹುಬ್ಬಳ್ಳಿಯಲ್ಲಿ ಹನ್ನೆರಡು ಮಂದಿ ಕೆಲಸ ಮಾಡುವ ಒಂದು ಲೆಕ್ಕಪರಿಶೋಧಕರ ಕಚೇರಿ ಇದೆ ಎಂದುಕೊಳ್ಳಿ. ಟ್ಯಾಲಿ ಇರುವ ಕಂಪ್ಯೂಟರ್ ಕಚೇರಿಯಲ್ಲೇ ಇದೆ. ಮನೆಯಿಂದ ಕೆಲಸ ಮಾಡುವವರು ವಿಪಿಎನ್ ಮೂಲಕ ಅದನ್ನು ತಲುಪುತ್ತಾರೆ. ಒಂದು ಶನಿವಾರ ಸಂಜೆ ಒಬ್ಬರ ಫೋನು ಬಸ್ಸಿನಲ್ಲಿ ಕಳೆದುಹೋಗುತ್ತದೆ. ಗಾಬರಿಗೊಂಡ ಯಜಮಾನರು, "ಎಲ್ಲವನ್ನೂ ತೆಗೆದು ಹೊಸದಾಗಿ ಹಾಕಿಬಿಡಿ" ಎನ್ನುತ್ತಾರೆ. ಹಾಗೆ ಮಾಡಿದರೆ ಸೋಮವಾರ ಬೆಳಿಗ್ಗೆ ಉಳಿದ ಹನ್ನೊಂದು ಮಂದಿಯೂ ಕೈಕಟ್ಟಿ ಕೂರಬೇಕಾಗುತ್ತದೆ.

ಆ ಕಚೇರಿಯಲ್ಲಿರುವುದು ವೈರ್‌ಗಾರ್ಡ್ ಆಗಿದ್ದರೆ ಅಷ್ಟೆಲ್ಲ ಬೇಕಿಲ್ಲ. 2020ರಿಂದ ಲಿನಕ್ಸ್ ಕರ್ನೆಲ್‌ನ ಒಳಗೇ ಸೇರಿರುವ ಈ ವಿಪಿಎನ್‌ನಲ್ಲಿ ಪ್ರತಿ ಸಾಧನಕ್ಕೂ ಒಂದು ಜೋಡಿ ಕೀ ಇರುತ್ತದೆ. ಪ್ರೈವೇಟ್ ಕೀ ಫೋನಿನಲ್ಲೇ ಉಳಿಯುತ್ತದೆ, ಪಬ್ಲಿಕ್ ಕೀ ಸರ್ವರ್‌ನ ಪಟ್ಟಿಯಲ್ಲಿ ಸೇರುತ್ತದೆ. ಕಳೆದ ಫೋನಿನಲ್ಲಿರುವ ಗುಟ್ಟು ಆ ಫೋನಿನದು ಮಾತ್ರ. ಸರ್ವರ್‌ನ ಪಬ್ಲಿಕ್ ಕೀ ಕೂಡ ಅದರಲ್ಲಿದೆ ನಿಜ, ಆದರೆ ಅದು ಗುಟ್ಟಿನದಲ್ಲ. ಹಾಗಾಗಿ ಪಟ್ಟಿಯಿಂದ ಆ ಒಂದು ಕೀ ತೆಗೆದರೆ ಸಾಕು. ಷರತ್ತು ಒಂದೇ: ಒಂದು ಸಾಧನದ ಕೀಯನ್ನು ಇನ್ನೊಂದು ಸಾಧನಕ್ಕೆ ಹಾಕಿರಬಾರದು. ಒಂದೇ ಕ್ಯೂಆರ್ ಚಿತ್ರವನ್ನು ನಾಲ್ವರಿಗೆ ವಾಟ್ಸಾಪ್ ಮಾಡಿದ್ದರೆ ಒಬ್ಬರನ್ನು ಹೊರಗಿಡುವಾಗ ನಾಲ್ವರೂ ಹೊರಗಾಗುತ್ತಾರೆ.

ನಿಜವಾದ ಕಷ್ಟ ಯಾವ ಕೀ ಯಾರದ್ದು ಎಂದು ಗುರುತಿಸುವುದರಲ್ಲಿದೆ. `wg show` ಎಂದು ಕೇಳಿದರೆ ಹೆಸರುಗಳು ಬರುವುದಿಲ್ಲ, 44 ಅಕ್ಷರಗಳ ಕೀಗಳು ಸಾಲಾಗಿ ಬರುತ್ತವೆ. ಯಾವ ಕೀ ಯಾರ ಯಾವ ಸಾಧನದ್ದು ಎಂದು ಬರೆದಿಟ್ಟ ಪುಸ್ತಕವಿದ್ದರೆ ಕೆಲಸ ನಿಮಿಷದ್ದು. ಇಲ್ಲದಿದ್ದರೂ ದಾರಿಯಿದೆ. ಉಳಿದವರೆಲ್ಲ ತಮ್ಮ ಆ್ಯಪ್‌ನಲ್ಲಿ ಕಾಣುವ ಪಬ್ಲಿಕ್ ಕೀಯ ಮೊದಲ ಏಳೆಂಟು ಅಕ್ಷರ ಓದಿ ಹೇಳಲಿ. ಯಾರೂ ಓದದೆ ಉಳಿದ ಕೀ ಕಳೆದ ಫೋನಿನದು. ಒಂದಕ್ಕಿಂತ ಹೆಚ್ಚು ಉಳಿದರೆ ಅದು ಇನ್ನೊಂದು ಸುದ್ದಿ: ಎಂದೋ ಬಿಟ್ಟುಹೋದವರ ಸಾಧನಗಳಿಗೆ ಇನ್ನೂ ಬಾಗಿಲು ತೆರೆದೇ ಇರಬಹುದು.

ತೆಗೆಯುವ ಮೊದಲು ಆ ಕೀಯ ಕೆಳಗೆ `latest handshake` ಎಂದಿರುವ ಸಾಲನ್ನು ಬರೆದುಕೊಳ್ಳಿ. ಫೋನು ಕೊನೆಯದಾಗಿ ಯಾವಾಗ ಸರ್ವರ್ ಜೊತೆ ಮಾತಾಡಿತು ಎಂಬುದು ಅಲ್ಲಿರುತ್ತದೆ, ಕೀ ತೆಗೆದೊಡನೆ ಅದೂ ಅಳಿಸಿಹೋಗುತ್ತದೆ. ಫೋನು ಕಳೆದದ್ದು ಆರು ಗಂಟೆಗೆ, ಕೊನೆಯ ಸಂಪರ್ಕ ಎಂಟು ಗಂಟೆಗೆ ಎಂದಿದ್ದರೆ ಟ್ಯಾಲಿಯ ದಾಖಲೆಯನ್ನೂ ನೋಡಬೇಕಾಗುತ್ತದೆ. ಆಮೇಲೆ ಈ ಆಜ್ಞೆ, `KEY` ಇರುವಲ್ಲಿ ಆ ಪಬ್ಲಿಕ್ ಕೀ:

```
sudo wg set wg0 peer KEY remove
```

ಫಲ ತಕ್ಷಣದ್ದು. ಉಳಿದವರ ಸಂಪರ್ಕ ಒಂದು ಕ್ಷಣವೂ ಕಡಿಯುವುದಿಲ್ಲ. ಕಳೆದ ಫೋನಿನ ಆ್ಯಪ್ ಮಾತ್ರ "ಆನ್" ಎಂದೇ ತೋರಿಸುತ್ತಿರಬಹುದು. ಅದಕ್ಕೆ ಹೆದರಬೇಕಿಲ್ಲ, ಸರ್ವರ್ ಉತ್ತರ ಕೊಡುವುದನ್ನೇ ನಿಲ್ಲಿಸಿರುತ್ತದೆ.

ಹೆಚ್ಚಿನವರು ಎಡವುವುದು ಇದಾದ ಮೇಲೆ. ಮೇಲಿನ ಆಜ್ಞೆ ಕೀಯನ್ನು ತೆಗೆಯುವುದು ಓಡುತ್ತಿರುವ ವ್ಯವಸ್ಥೆಯಿಂದ ಮಾತ್ರ. `/etc/wireguard/wg0.conf` ಫೈಲಿನಲ್ಲಿ ಅದು ಹಾಗೇ ಉಳಿದಿರುತ್ತದೆ. ಮುಂದೆಂದೋ ಕರೆಂಟ್ ಹೋಗಿ ಸರ್ವರ್ ಮತ್ತೆ ಶುರುವಾದಾಗ ಕಳೆದ ಫೋನಿಗೂ ಪ್ರವೇಶ ಮರಳಿ ಸಿಗುತ್ತದೆ. ಆದ್ದರಿಂದ ಫೈಲಿನಲ್ಲೂ ಆ `[Peer]` ಭಾಗವನ್ನು ಅಳಿಸಬೇಕು. ಫೈಲಿನಲ್ಲಿ `SaveConfig = true` ಎಂದಿದ್ದರೆ ಆಟ ತಿರುವುಮುರುವು: ವಿಪಿಎನ್ ನಿಲ್ಲುವಾಗ ಓಡುತ್ತಿರುವ ಪಟ್ಟಿಯೇ ಫೈಲಿನ ಮೇಲೆ ಬರೆಯಲ್ಪಡುತ್ತದೆ. ಬರೀ ಫೈಲ್ ತಿದ್ದಿದವರ ಕೆಲಸ ಆಗ ನೀರಿನಲ್ಲಿ ಹೋಮ. ಫೈಲಿನಲ್ಲಿ ಟಿಪ್ಪಣಿಯಾಗಿ ಬರೆದಿಟ್ಟ ಹೆಸರುಗಳೂ ಉಳಿಯುವುದಿಲ್ಲ. ಹೆಸರಿನ ಪುಸ್ತಕ ಬೇರೆಯೇ ಇರಲಿ ಎನ್ನುವುದು ಇದಕ್ಕೇ.

ಕೆಲಸ ಬಿಟ್ಟವರ ವಿಷಯದಲ್ಲೂ ಕ್ರಮ ಇದೇ, ಆದರೆ ಒಬ್ಬರಿಗೆ ಫೋನು, ಲ್ಯಾಪ್‌ಟಾಪ್, ಮನೆಯ ಕಂಪ್ಯೂಟರ್ ಎಂದು ಮೂರು ಕೀ ಇರಬಹುದು. ಕಚೇರಿಯ ಲ್ಯಾಪ್‌ಟಾಪ್ ವಾಪಸ್ ಕೊಟ್ಟರು ಎಂದು ಅದರ ಕೀ ಬಿಡುವಂತಿಲ್ಲ, ಆ ಪುಟ್ಟ ಫೈಲಿನ ಪ್ರತಿ ಪೆನ್‌ಡ್ರೈವ್‌ನಲ್ಲಿ ಹೋಗಿರಬಹುದು. ಅವರ ಟ್ಯಾಲಿ ಪಾಸ್‌ವರ್ಡ್ ರದ್ದುಮಾಡುವುದು ಬೇರೆಯೇ ಕೆಲಸ, ವಿಪಿಎನ್ ಅದನ್ನು ಮಾಡಿಕೊಡುವುದಿಲ್ಲ.

ಎಲ್ಲವನ್ನೂ ನಿಜವಾಗಿಯೇ ಬದಲಿಸಬೇಕಾದ ಸಂದರ್ಭವೂ ಒಂದಿದೆ. ಬಿಟ್ಟುಹೋದವರು ವಿಪಿಎನ್ ನೋಡಿಕೊಳ್ಳುತ್ತಿದ್ದವರೇ ಆಗಿದ್ದು, ಎಲ್ಲರ ಕೀ ಜೋಡಿಗಳನ್ನೂ ಸರ್ವರ್‌ನಲ್ಲಿ ತಾವೇ ತಯಾರಿಸಿ ಹಂಚಿದ್ದರೆ, ಎಲ್ಲರ ಪ್ರೈವೇಟ್ ಕೀಗಳೂ ಸರ್ವರ್‌ನದೂ ಅವರ ಕೈ ದಾಟಿಹೋಗಿರುತ್ತವೆ. ಅವರ ಹೆಸರಿನ ಕೀ ತೆಗೆದರೂ ಇನ್ನೊಬ್ಬರ ಕೀ ಹಾಕಿಕೊಂಡು ಒಳಬರಬಹುದು. ಆಗಲೂ ಕೆಲಸ ನಿಲ್ಲಿಸಬೇಕಿಲ್ಲ. ಅದೇ ಸರ್ವರ್‌ನಲ್ಲಿ ಬೇರೊಂದು ಪೋರ್ಟ್‌ನಲ್ಲಿ, ಹೊಸ ಕೀ ಮತ್ತು ಬೇರೆ ವಿಳಾಸಗಳ ಸಾಲಿನೊಡನೆ `wg1` ಶುರುಮಾಡಿ. ಪ್ರತಿಯೊಬ್ಬರೂ ತಮ್ಮ ಆ್ಯಪ್‌ನಲ್ಲೇ ಕೀ ಹುಟ್ಟಿಸಿ ಪಬ್ಲಿಕ್ ಕೀ ಮಾತ್ರ ಕಳಿಸಲಿ. ಎರಡು ಮೂರು ದಿನದಲ್ಲಿ ಎಲ್ಲರೂ ಅತ್ತ ದಾಟಿದ ಮೇಲೆ `wg0` ಮುಚ್ಚಿ, ಸರ್ವರ್ ಶುರುವಾದಾಗ ಅದು ತಾನಾಗಿ ಏಳದಂತೆಯೂ ಮಾಡಿ.