ಮೊದಲ ದಿನ ಎರಡು ಮಾತ್ರೆ, ಆಮೇಲೆ ದಿನಕ್ಕೊಂದು

ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ತೆಗೆದುಕೊಂಡವರಿಗೆ ಔಷಧದಂಗಡಿಯವರು ಹೇಳುವ ಮಾತು ನೆನಪಿರಬಹುದು: ‘ಇವತ್ತು ಎರಡು ತಗೊಳ್ಳಿ, ನಾಳೆಯಿಂದ ದಿನಕ್ಕೊಂದು.’ ಹಲವು ಸೋಂಕುಗಳಿಗೆ ಅದರ ರೂಢಿಯ ಪ್ರಮಾಣ ಮೊದಲ ದಿನ 200 ಮಿಲಿಗ್ರಾಂ, ನಂತರ ದಿನಕ್ಕೆ 100. ಮೊದಲ ದಿನ ಜ್ವರ ಜೋರಾಗಿರುತ್ತದೆ, ಅದಕ್ಕೇ ಹೆಚ್ಚು ಕೊಡುತ್ತಾರೆ ಎಂದು ರೋಗಿ ಅಂದುಕೊಳ್ಳುತ್ತಾನೆ. ಕಾರಣ ಜ್ವರದಲ್ಲಿಲ್ಲ, ಲೆಕ್ಕದಲ್ಲಿದೆ. ಆ ಲೆಕ್ಕವನ್ನೇ ನಾಲ್ಕು ಆಯ್ಕೆಗಳ ಪುಟ್ಟ ಪ್ರಶ್ನೆಯಾಗಿಸಿ ಎಂಬಿಬಿಎಸ್, ಫಾರ್ಮಸಿ, ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ಇಡುತ್ತಾರೆ: ‘ಪ್ರತಿ ಅರ್ಧಾಯುವಿಗೊಮ್ಮೆ ಕೊಡುವ ಔಷಧದ ಮೊದಲ ಡೋಸ್ ಮುಂದಿನ ಡೋಸ್‌ಗಳ ಎಷ್ಟು ಪಟ್ಟು ಇರಬೇಕು?’

ಅರ್ಧಾಯು, ಅಂದರೆ ವಿದ್ಯಾರ್ಥಿಗಳ ಬಾಯಲ್ಲಿ ಹಾಫ್ ಲೈಫ್, ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ. ಡಾಕ್ಸಿಸೈಕ್ಲಿನ್‌ನ ಅರ್ಧಾಯು ಹೆಚ್ಚುಕಡಿಮೆ 16ರಿಂದ 22 ಗಂಟೆ. ಲೆಕ್ಕ ಸುಲಭವಾಗಲೆಂದು ಒಂದು ದಿನ ಎಂದೇ ಇಟ್ಟುಕೊಳ್ಳೋಣ. ಮೊದಲ ದಿನ ಒಂದೇ ಮಾತ್ರೆ ನುಂಗಿದರೆ ಮೈಯಲ್ಲಿ 100. ಮರುದಿನದ ಹೊತ್ತಿಗೆ ಉಳಿಯುವುದು 50, ಅದರ ಮೇಲೆ ಇನ್ನೊಂದು ಮಾತ್ರೆ ಬಿದ್ದರೆ 150. ಮೂರನೆಯ ದಿನ 75 ಉಳಿದು 175 ಆಗುತ್ತದೆ, ನಾಲ್ಕನೆಯ ದಿನ 187.5. ಹೀಗೆ ಏರುತ್ತ ಏರುತ್ತ 200ರ ಹತ್ತಿರ ಹೋಗಿ ನಿಲ್ಲುತ್ತದೆ. ಅಲ್ಲಿ ಪ್ರತಿದಿನ ಕಳೆದುಹೋಗುವುದೂ 100, ಹೊಸದಾಗಿ ಸೇರುವುದೂ 100. ಇದೇ ಸ್ಟೆಡಿ ಸ್ಟೇಟ್, ಆಯ-ವ್ಯಯ ಸರಿತೂಗಿದ ಸ್ಥಿತಿ. ಹೇಗಿದ್ದರೂ 200ಕ್ಕೇ ಹೋಗಿ ತಲುಪಬೇಕಿದ್ದರೆ ನಾಲ್ಕೈದು ದಿನ ಕಾಯುವುದೇಕೆ? ಮೊದಲ ದಿನವೇ 200 ಕೊಟ್ಟರಾಯಿತು. ಪ್ರಶ್ನೆಗೆ ಉತ್ತರ, ಎರಡು ಪಟ್ಟು.

ಪರೀಕ್ಷೆಗೆ ಓದುವವರು ಇಲ್ಲಿಯವರೆಗೆ ಆರಾಮವಾಗಿ ಬರುತ್ತಾರೆ. ಪ್ರಶ್ನೆಯಲ್ಲಿ ಅಂಕಿಗಳು ಹೆಚ್ಚಾದ ಕೂಡಲೇ ದಾರಿ ತಪ್ಪುತ್ತದೆ. ಸೂತ್ರ ಮರೆತು ತಪ್ಪುವವರು ಕಡಿಮೆ. ಯಾವ ಪ್ರಶ್ನೆಗೆ ಯಾವ ಅಂಕಿ ಬೇಕು ಎನ್ನುವಲ್ಲೇ ಹೆಚ್ಚಿನವರು ಎಡವುತ್ತಾರೆ.

ಉದಾಹರಣೆಗೆ ಥಿಯೊಫಿಲಿನ್ ತೆಗೆದುಕೊಳ್ಳಬಹುದು. 1888ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಚಹಾ ಎಲೆಯಿಂದ ಬೇರ್ಪಡಿಸಿದ ವಸ್ತು ಇದು. ದಮ್ಮಿನ ಕಾಯಿಲೆಗೆ ದಶಕಗಳ ಕಾಲ ದೊಡ್ಡ ಆಸರೆಯಾಗಿತ್ತು. ಇನ್‌ಹೇಲರ್‌ಗಳು ಬಂದ ಮೇಲೆ ಹಿಂದಿನ ಸಾಲಿಗೆ ಸರಿದಿದೆಯಾದರೂ ಪಠ್ಯಪುಸ್ತಕದ ಲೆಕ್ಕಗಳಲ್ಲಿ ಅದರ ಜಾಗ ಅಲುಗಿಲ್ಲ. ಅದರ ಅಂಕಿಗಳು ಅಷ್ಟು ಅಚ್ಚುಕಟ್ಟು!

ಪ್ರಶ್ನೆ ಹೀಗಿರುತ್ತದೆ ಎನ್ನಿ. 70 ಕಿಲೋ ತೂಕದ ದಮ್ಮಿನ ರೋಗಿ. ರಕ್ತದಲ್ಲಿ ಥಿಯೊಫಿಲಿನ್ ಲೀಟರಿಗೆ 10 ಮಿಲಿಗ್ರಾಂ ಇರಬೇಕು. ಔಷಧದ ವಿತರಣಾ ಗಾತ್ರ 35 ಲೀಟರ್, ಕ್ಲಿಯರೆನ್ಸ್ ಗಂಟೆಗೆ 2.8 ಲೀಟರ್. ಮೊದಲ ಡೋಸ್ ಎಷ್ಟು? ಆಮೇಲೆ ಡ್ರಿಪ್‌ನಲ್ಲಿ ಗಂಟೆಗೆ ಎಷ್ಟು?

ವಿತರಣಾ ಗಾತ್ರವೆಂದರೆ ಔಷಧ ಎಷ್ಟು ದೊಡ್ಡ ಪಾತ್ರೆಯಲ್ಲಿ ಕರಗಿದಂತೆ ತೋರುತ್ತದೆ ಎಂಬ ಅಳತೆ. ‘ತೋರುತ್ತದೆ’ ಎಂಬ ಮಾತು ಇಲ್ಲಿ ಮುಖ್ಯ. ಹೃದಯಕ್ಕೆ ಕೊಡುವ ಡಿಗಾಕ್ಸಿನ್‌ನ ವಿತರಣಾ ಗಾತ್ರ ಸುಮಾರು 500 ಲೀಟರ್. ಅಷ್ಟು ನೀರು ಯಾರ ಮೈಯಲ್ಲೂ ಇಲ್ಲ. ಔಷಧದ ಬಹುಪಾಲು ಮಾಂಸಖಂಡಗಳಲ್ಲಿ ಹೋಗಿ ಕೂತು ರಕ್ತದಲ್ಲಿ ಚೂರೇ ಚೂರು ಉಳಿಯುವುದರಿಂದ ಪಾತ್ರೆ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಕ್ಲಿಯರೆನ್ಸ್ ಬೇರೆ ಸಂಗತಿ. ಯಕೃತ್ತು, ಮೂತ್ರಪಿಂಡಗಳು ಸೇರಿ ಗಂಟೆಗೆ ಎಷ್ಟು ಲೀಟರ್ ರಕ್ತದಷ್ಟು ಔಷಧವನ್ನು ತೊಳೆದು ಹಾಕುತ್ತವೆ ಎಂಬುದು ಅದರ ಅರ್ಥ.

ಪಾತ್ರೆಯನ್ನು ಒಮ್ಮೆಗೆ ತುಂಬಲು ಬೇಕಾದದ್ದು ಪಾತ್ರೆಯ ಗಾತ್ರ ಮಾತ್ರ. 35 ಲೀಟರಿಗೆ ಲೀಟರಿಗೆ 10ರಂತೆ 350 ಮಿಲಿಗ್ರಾಂ. ಇದು ಲೋಡಿಂಗ್ ಡೋಸ್. ತುಂಬಿದ ಮಟ್ಟವನ್ನು ಕಾಯ್ದುಕೊಳ್ಳಲು ಸೋರುವಷ್ಟನ್ನು ಮತ್ತೆ ಸುರಿಯಬೇಕು. ಗಂಟೆಗೆ 2.8 ಲೀಟರ್ ತೊಳೆದುಹೋಗುತ್ತಿದ್ದರೆ ಗಂಟೆಗೆ 28 ಮಿಲಿಗ್ರಾಂ. ಇದು ನಿರ್ವಹಣಾ ಡೋಸ್. ಎರಡನ್ನೂ ಸೇರಿಸಿದರೆ ಅರ್ಧಾಯು ಸಿಗುತ್ತದೆ:

t½ = 0.693 × Vd / CL

35ನ್ನು 0.693ರಿಂದ ಗುಣಿಸಿ 2.8ರಿಂದ ಭಾಗಿಸಿದರೆ ಸುಮಾರು 8.7 ಗಂಟೆ. ಲೋಡಿಂಗ್ ಡೋಸ್ ಕೊಡದೆ ಬರೀ ಡ್ರಿಪ್ ಶುರುಮಾಡಿದರೆ ಒಂದು ಅರ್ಧಾಯುವಿನಲ್ಲಿ ಗುರಿಯ ಅರ್ಧ, ಎರಡರಲ್ಲಿ ಮುಕ್ಕಾಲು, ನಾಲ್ಕರಲ್ಲಿ ಶೇ 94ರಷ್ಟು, ಐದರಲ್ಲಿ ಶೇ 97ರಷ್ಟು ಮುಟ್ಟುತ್ತದೆ. ಅಂದರೆ 35ರಿಂದ 43 ಗಂಟೆ. ಉಸಿರಿಗೆ ಒದ್ದಾಡುತ್ತ ಕೂತವನಿಗೆ ನಾಡಿದ್ದು ಬೆಳಿಗ್ಗೆ ಔಷಧ ಪೂರ್ತಿ ಹತ್ತುತ್ತದೆ ಎಂದು ಹೇಳಿದಂತಾಯಿತು.

ಇಲ್ಲೊಂದು ಸಣ್ಣ ಗೂಟವನ್ನೂ ಪ್ರಶ್ನೆ ತೆಗೆಯುವವರು ನೆಟ್ಟಿರುತ್ತಾರೆ. ನರದ ಮೂಲಕ ಕೊಡುವುದು ಸಾಮಾನ್ಯವಾಗಿ ಅಮಿನೊಫಿಲಿನ್, ಅದರಲ್ಲಿ ಥಿಯೊಫಿಲಿನ್ ಇರುವುದು ಸುಮಾರು ಶೇ 80. ಹಾಗಾಗಿ 350ನ್ನು 0.8ರಿಂದ ಭಾಗಿಸಿ 437.5 ಮಿಲಿಗ್ರಾಂ ಎನ್ನಬೇಕು. ಗುಣಿಸಿ 280 ಎಂದವರಿಗೂ ಆಯ್ಕೆಗಳಲ್ಲಿ ಒಂದು ಜಾಗ ಕಾದಿರುತ್ತದೆ. ಉತ್ತರ ಮೂಲಕ್ಕಿಂತ ದೊಡ್ಡದಿರಬೇಕೋ ಚಿಕ್ಕದಿರಬೇಕೋ ಎಂದು ಒಂದು ಕ್ಷಣ ಯೋಚಿಸಿದರೆ ಈ ತಪ್ಪು ಆಗುವುದಿಲ್ಲ. ಇನ್ನು ರೋಗಿ ಮನೆಯಲ್ಲೇ ಮಾತ್ರೆ ನುಂಗಿ ಬಂದು ರಕ್ತದಲ್ಲಿ ಆಗಲೇ 5 ಇದ್ದರೆ, ತುಂಬಬೇಕಾದದ್ದು ಉಳಿದ 5 ಮಾತ್ರ. ಥಿಯೊಫಿಲಿನ್ ಲೆಕ್ಕದಲ್ಲಿ 175 ಮಿಲಿಗ್ರಾಂ ಸಾಕು. ವಾರ್ಡಿನಲ್ಲಿ ಇದನ್ನು 20–30 ನಿಮಿಷ ನಿಧಾನವಾಗಿ ಹರಿಸುತ್ತಾರೆ. ಒಮ್ಮೆಲೇ ಚುಚ್ಚಿದರೆ ಔಷಧ ಇಡೀ ಮೈಗೆ ಹಂಚಿಹೋಗುವ ಮೊದಲೇ ಹೃದಯಕ್ಕೆ ಬಡಿಯುತ್ತದೆ.

ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಇನ್ನೊಂದು ಪ್ರಶ್ನೆ: ‘ಡ್ರಿಪ್‌ನ ವೇಗವನ್ನು ಇಮ್ಮಡಿಗೊಳಿಸಿದರೆ ಸ್ಟೆಡಿ ಸ್ಟೇಟ್ ತಲುಪಲು ಎಷ್ಟು ಸಮಯ?’ ಅರ್ಧ ಸಮಯ ಎಂದು ಮನಸ್ಸು ತಟ್ಟನೆ ಹೇಳುತ್ತದೆ. ಬುಡದಲ್ಲಿ ತೂತಿರುವ ತೊಟ್ಟಿಯೊಂದಕ್ಕೆ ನಲ್ಲಿ ಬಿಟ್ಟಿದೆ ಎಂದುಕೊಳ್ಳಿ. ನೀರು ಏರಿದಷ್ಟೂ ತೂತಿನಿಂದ ಹೊರಹೋಗುವ ರಭಸವೂ ಏರುತ್ತದೆ, ಒಂದು ಹಂತದಲ್ಲಿ ಬರುವುದು-ಹೋಗುವುದು ಸಮವಾಗಿ ಮಟ್ಟ ನಿಲ್ಲುತ್ತದೆ. ನಲ್ಲಿಯನ್ನು ಜೋರು ಮಾಡಿದರೆ ನೀರು ಬೇಗ ಏರುವುದು ನಿಜ, ಆದರೆ ಅದು ನಿಲ್ಲಬೇಕಾದ ಮಟ್ಟವೂ ಮೇಲಕ್ಕೆ ಹೋಗಿರುತ್ತದೆ. ಮೈಯಲ್ಲಿ ಈ ಎರಡೂ ಒಂದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ಮಟ್ಟ ಇಮ್ಮಡಿಯಾಗುತ್ತದೆ, ಸಮಯ ಬದಲಾಗುವುದಿಲ್ಲ. ಸರಿಯಾದ ಉತ್ತರ, ಅವೇ ನಾಲ್ಕೈದು ಅರ್ಧಾಯು. ಲೋಡಿಂಗ್ ಡೋಸ್ ಕೂಡ ಸ್ಟೆಡಿ ಸ್ಟೇಟನ್ನು ಬೇಗ ತರುವುದಿಲ್ಲ, ಅದರ ಮಟ್ಟಕ್ಕೆ ರೋಗಿಯನ್ನು ಮೊದಲೇ ಎತ್ತಿ ಕೂರಿಸುತ್ತದೆ. ಎತ್ತಿದ್ದು ಹೆಚ್ಚೋ ಕಡಿಮೆಯೋ ಆಗಿದ್ದರೆ ಅದು ಸರಿಹೋಗಲು ಮತ್ತೆ ಅಷ್ಟೇ ಸಮಯ ಬೇಕು.

ಈ ವ್ಯತ್ಯಾಸ ಮಾತಿನ ಚಮತ್ಕಾರವಷ್ಟೇ ಎನಿಸಬಹುದು. ಅದೇ ರೋಗಿಯ ಯಕೃತ್ತು ಕೆಟ್ಟಿದೆ, ಕ್ಲಿಯರೆನ್ಸ್ 2.8ರಿಂದ 1.4ಕ್ಕೆ ಇಳಿದಿದೆ ಎಂದುಕೊಂಡರೆ ಅದರ ಬೆಲೆ ತಿಳಿಯುತ್ತದೆ. ಸಿಪ್ರೊಫ್ಲಾಕ್ಸಾಸಿನ್, ಎರಿಥ್ರೊಮೈಸಿನ್‌ನಂಥ ಆ್ಯಂಟಿಬಯಾಟಿಕ್ ಜೊತೆಗೆ ಕೊಟ್ಟರೂ ಥಿಯೊಫಿಲಿನ್ ತೊಳೆದುಹೋಗುವುದು ನಿಧಾನವಾಗುತ್ತದೆ. ಪಾತ್ರೆಯ ಗಾತ್ರ ಮೊದಲಿನಷ್ಟೇ ಇರುವುದರಿಂದ ಲೋಡಿಂಗ್ ಡೋಸ್ ಅದೇ 350. ನಿರ್ವಹಣಾ ಡೋಸ್ ಮಾತ್ರ ಅರ್ಧಕ್ಕಿಳಿದು ಗಂಟೆಗೆ 14 ಆಗಬೇಕು. ಅರ್ಧಾಯು ಇಮ್ಮಡಿಯಾಗಿ 17 ಗಂಟೆ ದಾಟುತ್ತದೆ. ಇದನ್ನು ಗಮನಿಸದೆ ಯಾರೋ 28ನ್ನೇ ಮುಂದುವರಿಸಿದರು ಎನ್ನೋಣ. ಮಟ್ಟ ಕೊನೆಗೆ 20ಕ್ಕೆ ಹೋಗಿ ನಿಲ್ಲುತ್ತದೆ. ಥಿಯೊಫಿಲಿನ್ ಅಲ್ಲಿಂದ ಮೇಲೆ ವಾಕರಿಕೆ, ನಡುಕ, ಎದೆಬಡಿತದ ಏರುಪೇರು ತರುತ್ತದೆ, ಇನ್ನೂ ಏರಿದರೆ ಫಿಟ್ಸ್. ಆದರೆ ಅದು ಒಂದೇ ದಿನದಲ್ಲಿ ಅಲ್ಲಿಗೆ ಹೋಗುವುದಿಲ್ಲ. ಮೊದಲ ರಾತ್ರಿ ರಕ್ತ ತೆಗೆದರೆ 12–13 ತೋರಿಸಿ ಎಲ್ಲ ಸರಿಯಿದೆ ಅನ್ನಿಸುತ್ತದೆ. 17 ಗಂಟೆಗೆ 15, ಮರುದಿನ ರಾತ್ರಿಯ ಹೊತ್ತಿಗೆ 17.5, ಮೂರನೆಯ ದಿನ ಮುಗಿಯುವಾಗ 19 ದಾಟಿರುತ್ತದೆ. ಹಾಗಾಗಿ ಒಂದು ಪರೀಕ್ಷೆಯ ಫಲಿತಾಂಶವನ್ನು ನೋಡುವಾಗ ರಕ್ತ ತೆಗೆದದ್ದು ಎಷ್ಟು ಅರ್ಧಾಯುಗಳ ನಂತರ ಎಂಬುದನ್ನೂ, ಅದು ಈ ರೋಗಿಯ ಅರ್ಧಾಯುವೋ ಪುಸ್ತಕದ ಅರ್ಧಾಯುವೋ ಎಂಬುದನ್ನೂ ವೈದ್ಯರು ಕೇಳಿಕೊಳ್ಳುತ್ತಾರೆ.

ಅಂಗ ಕೆಟ್ಟರೆ ಲೋಡಿಂಗ್ ಡೋಸ್ ಬದಲಾಗುವುದಿಲ್ಲ ಎಂಬ ಈ ಸೂತ್ರವನ್ನು ವಿದ್ಯಾರ್ಥಿಗಳು ಗಟ್ಟಿ ಮಾಡಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬಹುಪಾಲು ಅದು ಕೈಹಿಡಿಯುತ್ತದೆ. ಡಿಗಾಕ್ಸಿನ್ ಇದಕ್ಕೆ ಒಗ್ಗದ ಔಷಧ. ಮೂತ್ರಪಿಂಡ ತೀರಾ ಕೆಟ್ಟವರಲ್ಲಿ ಅದು ಮಾಂಸಖಂಡಗಳಿಗೆ ಅಂಟಿಕೊಳ್ಳುವುದೇ ಕಡಿಮೆಯಾಗಿ ವಿತರಣಾ ಗಾತ್ರವೂ ಕುಗ್ಗುತ್ತದೆ. ಹಾಗಾಗಿ ಅವರಿಗೆ ಮೊದಲ ಡೋಸನ್ನೂ ತಗ್ಗಿಸಬೇಕು.

ಅರ್ಧಾಯುವನ್ನೇ ನೇರವಾಗಿ ಕೇಳುವ ಪ್ರಶ್ನೆಗಳು ಇದಕ್ಕಿಂತ ಸುಲಭ. 12 ಗಂಟೆಯಲ್ಲಿ ಮಟ್ಟ 40ರಿಂದ 5ಕ್ಕೆ ಇಳಿದಿದ್ದರೆ 40, 20, 10, 5 ಎಂದು ಬೆರಳಲ್ಲೇ ಎಣಿಸಬಹುದು. ಮೂರು ಸಲ ಅರ್ಧವಾಗಿದೆ, ಅರ್ಧಾಯು 4 ಗಂಟೆ. ಬ್ಯಾಂಕಿನ ಸಾಲದ ಕಂತಿನಂತೆ ಗಂಟೆಗೆ ಇಷ್ಟು ಎಂದು ಕಳೆಯುತ್ತ ಹೋದವರಿಗೆ ಉತ್ತರ ಸಿಗುವುದಿಲ್ಲ.

ಹಾಗೆ ಕಂತಿನಂತೆ ಹೋಗುವ ಔಷಧಗಳೂ ಇವೆ, ಅಲ್ಲಿ ಮೇಲಿನ ಯಾವ ಲೆಕ್ಕವೂ ನಡೆಯುವುದಿಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಅಂಥದ್ದು. ಅದನ್ನು ಒಡೆಯುವ ಯಕೃತ್ತಿನ ಕಿಣ್ವಗಳಿಗೆ ಒಂದು ಮಿತಿಯಿದೆ, ಮಾಮೂಲಿ ಡೋಸ್‌ನಲ್ಲೇ ಅವು ಆ ಮಿತಿಯ ಸಮೀಪ ದುಡಿಯುತ್ತಿರುತ್ತವೆ. ಪಠ್ಯಪುಸ್ತಕದ ಮಾದರಿ ರೋಗಿಯೊಬ್ಬನ ಯಕೃತ್ತು ದಿನಕ್ಕೆ ಹೆಚ್ಚೆಂದರೆ 500 ಮಿಲಿಗ್ರಾಂ ಒಡೆಯಬಲ್ಲದು, ರಕ್ತದ ಮಟ್ಟ ಲೀಟರಿಗೆ 4 ಇರುವಾಗ ಅದರರ್ಧ ವೇಗದಲ್ಲಿ ಒಡೆಯುತ್ತದೆ ಎಂದುಕೊಳ್ಳಿ. ಅವನಿಗೆ ದಿನಕ್ಕೆ 300 ಕೊಟ್ಟರೆ ರಕ್ತದ ಮಟ್ಟ 6ರಲ್ಲಿ ನಿಲ್ಲುತ್ತದೆ. ಗುರಿ 10ರಿಂದ 20, ಆದ್ದರಿಂದ ವೈದ್ಯರು 400ಕ್ಕೆ ಏರಿಸುತ್ತಾರೆ. ಮಟ್ಟ 8 ಆಗಬೇಕಿತ್ತು, 16 ಆಗುತ್ತದೆ. ಇನ್ನೂ ಒಂದು ಚೂರು ಇರಲಿ ಎಂದು 450 ಮಾಡಿದರೆ 36. ಐವತ್ತು ಮಿಲಿಗ್ರಾಂ ಹೆಚ್ಚಳಕ್ಕೆ, ಒಂದೆರಡು ವಾರ ಕಳೆಯುವಷ್ಟರಲ್ಲಿ ರೋಗಿಯ ಕಣ್ಣುಗುಡ್ಡೆಗಳು ಅದುರತೊಡಗುತ್ತವೆ, ನಡೆಯುವಾಗ ಕುಡಿದವನಂತೆ ವಾಲುತ್ತಾನೆ. ಫೆನಿಟಾಯಿನ್ ಹೆಸರಿರುವ ಪ್ರಶ್ನೆಯಲ್ಲಿ ‘ಡೋಸ್ ಇಮ್ಮಡಿಯಾದರೆ ಮಟ್ಟವೂ ಇಮ್ಮಡಿ’ ಎಂಬ ಆಯ್ಕೆ ಕಂಡರೆ ಓದಿಕೊಂಡ ವಿದ್ಯಾರ್ಥಿ ಮೊದಲು ಅದನ್ನೇ ಹೊಡೆದು ಹಾಕುತ್ತಾನೆ.